ಚೆಂಡು ಕಸಿದ ಮೇಲೂ ಪ್ರತಿದಾಳಿ ಕೂಡುತ್ತಿಲ್ಲವೇ? ದೋಷ ಹುಡುಕುವ ಬಗೆ

ಎದುರಾಳಿಯ ಕಾಲಿನಿಂದ ಚೆಂಡು ಕಸಿದಾಯಿತು. ಅವರ ಆರೇಳು ಜನ ಇನ್ನೂ ನಮ್ಮ ಅರ್ಧದಲ್ಲೇ ಇದ್ದಾರೆ, ಅವರ ಬೆನ್ನ ಹಿಂದೆ ಮೈದಾನ ಖಾಲಿ ಬಿದ್ದಿದೆ. ಆದರೂ ಚೆಂಡು ಅವರ ಪೆನಾಲ್ಟಿ ಬಾಕ್ಸ್ ತನಕ ಹೋಗುವುದಿಲ್ಲ. ಕಲಬುರಗಿ, ಬೀದರ, ಯಾದಗಿರಿ ಭಾಗದ ಕಾಲೇಜು ಮತ್ತು ಓಣಿ ತಂಡಗಳ ಫುಟ್‌ಬಾಲ್ ನೋಡುವಾಗ ನನ್ನ ಕಣ್ಣಿಗೆ ಎಲ್ಲಕ್ಕಿಂತ ಹೆಚ್ಚು ಬೀಳುವ ದೋಷ ಇದೇ. ಇಂಥ ಹೊತ್ತಿನಲ್ಲಿ ಗೆರೆಯಾಚೆ ನಿಂತವರ ಬಾಯಲ್ಲಿ ಬರುವುದು ಒಂದೇ ಮಾತು: "ಮುಂದಿನ ಹುಡುಗಗ ಸ್ಪೀಡೇ ಇಲ್ಲ ನೋಡ್ರಿ." ಮರುದಿನ ಬೆಳಿಗ್ಗೆ ಆ ಹುಡುಗನಿಗೆ ಓಟದ ಕಸರತ್ತು ಶುರುವಾಗುತ್ತದೆ. ಮುಂದಿನ ಪಂದ್ಯದಲ್ಲಿ ಅದೇ ದೋಷ ಮತ್ತೆ ಕಾಣುತ್ತದೆ.

ಓಟದ ವೇಗ ಕಡಿಮೆಯಾಗಿ ಪ್ರತಿದಾಳಿ ಕೆಟ್ಟದ್ದನ್ನು ನಾನು ಕಂಡದ್ದು ಅಪರೂಪ. ಬಹಳಷ್ಟು ಸಲ ಅದು ಕೆಡುವುದು ಚೆಂಡು ಕಸಿದ ಮೊದಲ ಮೂರು ಸೆಕೆಂಡಿನಲ್ಲಿ, ಅದೂ ಮುಂದಕ್ಕೆ ಹೋಗಬೇಕಾದ ಮೊದಲ ಪಾಸಿನ ಹತ್ತಿರ. ಕೊನೆಗೆ ಚೆಂಡು ಕಳೆದುಕೊಂಡವನು ಎಲ್ಲರಿಗೂ ಕಾಣುತ್ತಾನೆ, ಕೆಡಿಸಿದವನು ಅವನಿಗಿಂತ ಎರಡು ಹೆಜ್ಜೆ ಹಿಂದೆ ಇರುತ್ತಾನೆ. ಅದಕ್ಕೇ ದೋಷವನ್ನು ಹಿಂದಿನಿಂದ ಮುಂದಕ್ಕೆ ಹುಡುಕುತ್ತ ಹೋಗಬೇಕು.

ಮೊದಲ ಕೆಲಸ: ಎಲ್ಲಿ ಸತ್ತಿತು ಎಂದು ಗುರುತು ಹಾಕುವುದು

ನೆನಪಿನ ಮೇಲೆ ಭರವಸೆ ಇಡಬೇಡಿ. ಒಂದು ಮೊಬೈಲ್ ಸಾಕು. ಗ್ಯಾಲರಿಯ ಮೇಲಿನ ಮೆಟ್ಟಿಲೋ ಕಾಲೇಜಿನ ಮಾಳಿಗೆಯೋ, ಎತ್ತರದ ಜಾಗ ಹುಡುಕಿ ಆದಷ್ಟೂ ಇಡೀ ಮೈದಾನ ಕಾಣುವ ಹಾಗೆ ಮೊಬೈಲ್ ಅಡ್ಡ ಹಿಡಿದು ಚಿತ್ರೀಕರಿಸಿ. ಚೆಂಡಿನ ಹಿಂದೆಯೇ ಕ್ಯಾಮೆರಾ ಓಡಿಸಿದರೆ ಆ ವಿಡಿಯೊ ಈ ಕೆಲಸಕ್ಕೆ ಬಾರದು. ನಮಗೆ ಬೇಕಾದದ್ದು ಚೆಂಡು ಇಲ್ಲದವರು ಏನು ಮಾಡುತ್ತಿದ್ದರು ಎಂಬುದು.

ನಮ್ಮವನ ಕಾಲಿಗೆ ಚೆಂಡು ಹಿಡಿತಕ್ಕೆ ಬಂದ ಕ್ಷಣವನ್ನು ಸೊನ್ನೆ ಎಂದಿಟ್ಟುಕೊಳ್ಳಿ. ಅಲ್ಲಿಂದ ಎರಡು ಸಮಯ ಬರೆದುಕೊಳ್ಳಿ: ಮುಂದಕ್ಕೆ ಮೊದಲ ಪಾಸ್ ಕಾಲು ಬಿಟ್ಟದ್ದು ಯಾವಾಗ, ಚೆಂಡು ಕೈತಪ್ಪಿದ್ದು ಯಾವಾಗ. ಜೊತೆಗೆ ಸೊನ್ನೆಯ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ, ಹಾಳೆಯ ಮೇಲೆ ಎರಡೂ ತಂಡದವರನ್ನು ಚುಕ್ಕಿ ಇಟ್ಟು ಗುರುತಿಸಿ. ಈ ಹಾಳೆಯೇ ಮುಂದಿನ ತಪಾಸಣೆಗೆ ಆಧಾರ.

ಸೆಕೆಂಡುಗಳ ಮೇಲೆ ಇಷ್ಟು ಗಮನ ಏಕೆ ಎಂದರೆ, ಜೋರಾಗಿ ಹಿಂದಕ್ಕೆ ಓಡುವ ಆಟಗಾರ ಸೆಕೆಂಡಿಗೆ 6–7 ಮೀಟರ್ ನೆಲ ಕಬಳಿಸುತ್ತಾನೆ. ನಾವು ಮೂರು ಸೆಕೆಂಡು ಚೆಂಡು ತಿರುವುತ್ತ ನಿಂತರೆ ಅಷ್ಟರಲ್ಲಿ ಅವನು 20 ಮೀಟರಿನಷ್ಟು ಹಿಂದೆ ಸರಿದಿರುತ್ತಾನೆ, ಅವನ ಜೊತೆ ಇನ್ನೂ ನಾಲ್ವರು. ಒತ್ತಿ ಹೊಡೆದ ನೆಲದ ಪಾಸ್ ಇದರ ಎರಡು ಪಟ್ಟು ವೇಗದಲ್ಲಿ ಹೋಗುತ್ತದೆ. ಅಂದರೆ ಪ್ರತಿದಾಳಿಯ ವೇಗ ಇರುವುದು ಹೆಚ್ಚಾಗಿ ಚೆಂಡಿನಲ್ಲಿ, ಕಾಲಿನಲ್ಲಲ್ಲ. ಚೆಂಡು ಗೆದ್ದ 10 ಸೆಕೆಂಡಿನೊಳಗೆ ಗೋಲಿನತ್ತ ಹೊಡೆತ ಹೋಗಬೇಕೆಂಬ ಲೆಕ್ಕದ ಮೇಲೆ ಜರ್ಮನಿಯ ಕೋಚ್ ರಾಲ್ಫ್ ರಾಂಗ್ನಿಕ್ ತಂಡಗಳನ್ನು ಪಳಗಿಸಿದ್ದು ಇದೇ ಕಾರಣಕ್ಕೆ. ನಮ್ಮ ಮೈದಾನಗಳಲ್ಲಿ ಆ 10ನ್ನು 12 ಎಂದು ಹಿಡಿದರೂ ತೊಂದರೆ ಇಲ್ಲ, ಆದರೆ ಮೊದಲ ಪಾಸಿಗೆ ಎರಡು ಸೆಕೆಂಡಿಗಿಂತ ಹೆಚ್ಚು ಕೊಡುವ ಹಾಗಿಲ್ಲ.

ಗುರುತು ಹಾಕಿದ ಮೇಲೆ ದೋಷ ಮೂರರಲ್ಲಿ ಒಂದು ಮನೆಯಲ್ಲಿ ಕೂರುತ್ತದೆ. ಕಸಿದವನ ಕಾಲಲ್ಲೇ ಚೆಂಡು ಹೋಯಿತೆಂದರೆ ಅದು ರಕ್ಷಣೆಯಿಂದ ದಾಳಿಗೆ ಹೊರಳುವ ವೇಗದ ದೋಷ. ಪಾಸ್ ಹೋಗಿ ದಾರಿಯಲ್ಲೋ ಮುಟ್ಟಿದ ತಕ್ಷಣವೋ ಕಳೆದುಹೋದರೆ ಮೊದಲ ಪಾಸಿನ ದೋಷ. ಪಾಸ್ ಚೆನ್ನಾಗಿ ಮುಟ್ಟಿ, ಹಿಡಿದವನು ಸುತ್ತ ನೋಡಿ ಯಾರೂ ಸಿಗದೆ ನಿಂತರೆ ಅದು ಜೊತೆ ಓಟದ ದೋಷ. ಒಂದೇ ತಂಡದಲ್ಲಿ ಮೂರೂ ಇರಬಹುದು, ಆದರೆ ಒಂದೇ ದಿನ ಮೂರಕ್ಕೂ ಕೈ ಹಾಕಿದರೆ ಯಾವುದು ಸರಿಹೋಯಿತು ಎಂದೇ ತಿಳಿಯುವುದಿಲ್ಲ.

ಒಂದು ನಿಜ ಪ್ರಕರಣ

ಕಲಬುರಗಿಯ ಒಂದು ಕಾಲೇಜು ತಂಡದ್ದು ಇದು. ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು ಎಂಬ ಜೋಡಣೆ. ದೂರು ಮಾಮೂಲಿನದೇ: 9ನೇ ನಂಬರಿನ ಸ್ಟ್ರೈಕರ್ ಚೆಂಡು ಉಳಿಸಿಕೊಳ್ಳುವುದಿಲ್ಲ.

ವಿಡಿಯೊದಲ್ಲಿ ಕಂಡದ್ದು ಹೀಗಿತ್ತು. ಎದುರಾಳಿಯ ಬಲಗಡೆ ಬ್ಯಾಕ್ ದಾಳಿಗೆಂದು ನಮ್ಮ ಬಾಕ್ಸಿನ ಹತ್ತಿರದವರೆಗೂ ಏರಿ ಬಂದಿದ್ದ. ಅವರ ವಿಂಗರ್‌ನಿಂದ ನಮ್ಮ ಎಡಗಡೆ ಮಿಡ್‌ಫೀಲ್ಡರ್ ಚೆಂಡು ಕಸಿದ, ಸೈಡ್ ಲೈನಿಗೆ ಹತ್ತಿ, ನಮ್ಮ ಗೋಲಿನಿಂದ ಸುಮಾರು 25 ಮೀಟರ್ ದೂರದಲ್ಲಿ. ಆಗ ಅವರ ಹಿಂದೆ ಉಳಿದಿದ್ದವರು ಗೋಲ್‌ಕೀಪರ್ ಬಿಟ್ಟರೆ ಮೂವರೇ: ಇಬ್ಬರು ಸ್ಟಾಪರ್‌ಗಳು, ಒಬ್ಬ ಎಡಗಡೆ ಬ್ಯಾಕ್. ಬಲಗಡೆ ಬ್ಯಾಕ್ ಬಿಟ್ಟು ಬಂದ ಜಾಗ, ಅಂದರೆ ನಮಗೆ ಎಡಗಡೆ ಮುಂದೆ ಕಾಣುವ ಪಟ್ಟಿ, ಪೂರಾ ಖಾಲಿ. ನಮ್ಮ 9ನೇ ನಂಬರ್ ಮಧ್ಯದ ಗೆರೆಯ ಹತ್ತಿರ ಸ್ಟಾಪರ್‌ಗೆ ಆತುಕೊಂಡು ನಿಂತಿದ್ದ. 10ನೇ ನಂಬರ್ ಕೆಳಗಿಳಿದು, ಕಸಿದವನಿಂದ ಸುಮಾರು 15 ಮೀಟರ್ ಒಳಗಡೆ ಓರೆಯಾಗಿ ಇದ್ದ.

ಕಸಿದವನ ಮುಖ ನಮ್ಮದೇ ಗೋಲಿನ ಕಡೆಗಿತ್ತು, ಯಾಕೆಂದರೆ ಅವನು ವಿಂಗರ್‌ನ ಹಿಂದೆ ಓಡುತ್ತ ಬಂದು ಕಸಿದಿದ್ದ. ಮೊದಲ ಟಚ್ ಸೈಡ್ ಲೈನಿನತ್ತ ಹೋಯಿತು. ಎರಡನೆಯದರಲ್ಲಿ ತಿರುಗಿದ. ಮೂರನೆಯದಾದ ಮೇಲೆ ತಲೆ ಎತ್ತಿದ. ಅಷ್ಟೊತ್ತಿಗೆ ಎರಡೂವರೆ ಸೆಕೆಂಡು ಕಳೆದು, ಇಬ್ಬರು ಅವನ ಮೈಮೇಲೆ ಬಂದಿದ್ದರು. ಗಾಬರಿಯಲ್ಲಿ 9ನೇ ನಂಬರಿನ ಕಡೆಗೆ ಎತ್ತರದ ಉದ್ದ ಚೆಂಡು ಹೊಡೆದ. ಚೆಂಡು ಗಾಳಿಯಲ್ಲಿ ಇದ್ದಷ್ಟು ಹೊತ್ತೂ ಸ್ಟಾಪರ್ ಅದನ್ನೇ ನೋಡುತ್ತಿದ್ದ, ಎರಡು ಹೆಜ್ಜೆ ಮುಂದೆ ಬಂದು ಹಣೆಯಿಂದ ಹೊಡೆದು ವಾಪಸ್ ಕಳಿಸಿದ. ಐದು ಸೆಕೆಂಡಿನಲ್ಲಿ ಪ್ರತಿದಾಳಿ ಮುಗಿಯಿತು, ಬೈಗುಳ 9ನೇ ನಂಬರಿನವನ ಪಾಲಿಗೆ ಬಂತು.

ಮಾತಾಡಿಸಿದಾಗ ಕಸಿದ ಹುಡುಗ ಹೇಳಿದ್ದು ಬಹಳ ಉಪಯೋಗದ ಮಾತು.

"ಚೆಂಡ್ ಸಿಕ್ಕಾಗ ನಿನಗ ಯಾರ್ ಕಂಡ್ರಪಾ?"

"ಯಾರೂ ಕಾಣ್ಲಿಲ್ರಿ ಸರ. ಮ್ಯಾಲ ಅವನೊಬ್ಬನೇ ಇರ್ತಾನಂತ ಗೊತ್ತಿತ್ತು, ಹೊಡದೆ."

"ಹತ್ತನೇ ನಂಬರ್ ಬಾಜೂಕೇ ಇದ್ದನಲ್ಲ?"

"ಅಂವ ಅಲ್ಲಿದ್ದಾನಂತ ನನಗ ಖಬರೇ ಇರಲಿಲ್ರಿ."

10ನೇ ನಂಬರಿನವನನ್ನು ಕೇಳಿದರೆ, "ನಾ ಚೆಂಡ್ ನೋಡ್ಕೋತ ನಿಂತಿದ್ದೆ ರೀ ಸರ, ಸಿಗ್ತದೋ ಇಲ್ಲೋ ಅಂತ" ಅಂದ.

ಈ ಎರಡು ಉತ್ತರದಲ್ಲೇ ದೋಷದ ಬೇರು ಸಿಕ್ಕಿತು. ಒಬ್ಬ ಕಸಿಯುವ ಮೊದಲು ಸುತ್ತ ನೋಡಿರಲಿಲ್ಲ, ಇನ್ನೊಬ್ಬ ಕಸಿದು ಮುಗಿಯುವ ತನಕ ಕದಲಿರಲಿಲ್ಲ. 9ನೇ ನಂಬರಿನವನ ಓಟದ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ, ಏಕೆಂದರೆ ಅವನಿಗೆ ಓಡುವಂಥ ಚೆಂಡೇ ಬರಲಿಲ್ಲ. ಖಾಲಿ ಜಾಗ ಒಂದು ಕಡೆ ಇತ್ತು, ಚೆಂಡು ಹೋದದ್ದು ನಿಂತ ಮನುಷ್ಯನ ತಲೆಯ ಮೇಲೆ.

ಊಹೆಯನ್ನು ಮೈದಾನದಲ್ಲಿ ಪರೀಕ್ಷಿಸುವುದು

ವಿಡಿಯೊ ನೋಡಿ ಬಂದ ತೀರ್ಮಾನವನ್ನು ನೇರ ನಂಬುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಎದುರಾಳಿಯೇ ಇಲ್ಲದೆ ಅದೇ ಚಲನೆ ಮಾಡಿಸಿ: ಅದೇ ಜಾಗದಲ್ಲಿ ಗೋಲಿನ ಕಡೆ ಮುಖ ಮಾಡಿ ಚೆಂಡು ಪಡೆದು, ಎರಡೇ ಟಚ್‌ನಲ್ಲಿ ಒಳಗಿನ 10ನೇ ನಂಬರಿಗೆ ಪಾಸ್. ಇಲ್ಲೇ ತಪ್ಪುತ್ತಿದ್ದರೆ ದೋಷ ಕಾಲಿನದು. ಚೆಂಡು ಹಿಡಿಯುವ, ತಿರುವುವ ಅಭ್ಯಾಸ ಬೇಕು, ತಂತ್ರದ ಮಾತು ಆಮೇಲೆ. ಇಲ್ಲಿ ಸಲೀಸಾಗಿ ಆಗಿ, ಎದುರಾಳಿ ಬಂದಾಗ ಮಾತ್ರ ಕೆಡುತ್ತಿದ್ದರೆ ದೋಷ ಕಣ್ಣಿನದು ಅಥವಾ ನಿಲುವಿನದು.

ಅದನ್ನು ಬೇರ್ಪಡಿಸಲು ನಾನು ಮಾಡುವುದು ಸೀಟಿಯ ಪರೀಕ್ಷೆ. ಪೂರ್ತಿ ಆಟ ಆಡಲು ಬಿಡಿ. ಚೆಂಡು ಕಸಿದ ಕ್ಷಣಕ್ಕೆ ಸೀಟಿ ಊದಿ, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಕಸಿದವನಿಗೆ ಕಣ್ಣು ಮುಚ್ಚಿಸಿ, "ಮುಂದ ಯಾರ್ಯಾರು ಎಲ್ಲೆಲ್ಲಿ ಅದಾರ, ಬಟ್ಟು ಮಾಡಿ ತೋರ್ಸು" ಅನ್ನಿ. ಇಬ್ಬರನ್ನು ಸರಿಯಾಗಿ ತೋರಿಸಿದರೆ ಅವನು ಕಸಿಯುವ ಮೊದಲೇ ನೋಡಿದ್ದಾನೆ. ಒಬ್ಬರನ್ನೂ ತೋರಿಸದಿದ್ದರೆ, ಎಷ್ಟೇ ಜೋರು ಕಾಲಿದ್ದರೂ ಅವನ ಮೊದಲ ಪಾಸ್ ಜೂಜೇ. ಅದೇ ಹೊತ್ತಿಗೆ ಉಳಿದವರ ಪಾದ ನೋಡಿ. ಪಾದ, ಭುಜ ಚೆಂಡಿನ ಕಡೆಗೇ ನೆಟ್ಟಿದ್ದರೆ ಅವನು ಪ್ರೇಕ್ಷಕ. ಅರ್ಧ ಮೈ ಚೆಂಡಿನ ಕಡೆ, ಅರ್ಧ ಮೈ ಎದುರಾಳಿಯ ಗೋಲಿನ ಕಡೆ ತೆರೆದಿದ್ದರೆ ಅವನು ಪಾಸಿಗೆ ತಯಾರಿದ್ದಾನೆ.

ನಮ್ಮ ಪ್ರಕರಣದ ತಂಡದಲ್ಲಿ ಎದುರಾಳಿ ಇಲ್ಲದಾಗ ಪಾಸ್ ಚೊಕ್ಕವಾಗಿ ಹೋಗುತ್ತಿತ್ತು, ಸೀಟಿಯ ಪರೀಕ್ಷೆಯಲ್ಲಿ ಎಡಗಡೆಯವನು ತಬ್ಬಿಬ್ಬಾದ. ಆದ್ದರಿಂದ ಕಾಲಿನ ಅಭ್ಯಾಸ ಬದಿಗಿಟ್ಟು ಎರಡು ಅಭ್ಯಾಸ ಮಾತ್ರ ಬದಲಿಸಿದೆವು. ಎದುರಾಳಿ ವಿಂಗರ್ ಚೆಂಡನ್ನು ಕಾಲಿನಿಂದ ತುಸು ದೂರ ತಳ್ಳಿದ ಕ್ಷಣ, ಕಸಿಯಲು ಹೋಗುವವನು ಒಮ್ಮೆ ಭುಜದ ಮೇಲಿಂದ ಒಳಗೆ ನೋಡಬೇಕು. ಅದೇ ಕ್ಷಣಕ್ಕೆ 10ನೇ ನಂಬರ್ ಎದುರಾಳಿಯ ಮರೆಯಿಂದ ಎರಡು ಮೂರು ಮೀಟರ್ ಹೊರಗೆ ಸರಿದು, ಮೈ ತೆರೆದು, "ಒಳಗ!" ಎಂದು ಕೂಗಬೇಕು. ಹೆಸರಲ್ಲ, ದಿಕ್ಕು. ಹೆಸರು ಕೂಗಿದರೆ ಎಲ್ಲಿದ್ದಾನೆಂದು ಹುಡುಕಬೇಕಾಗುತ್ತದೆ, ದಿಕ್ಕು ಕೂಗಿದರೆ ಹುಡುಕುವ ಕೆಲಸ ತಪ್ಪುತ್ತದೆ.

ಮೊದಲ ಪಾಸ್: ಯಾವ ಕಾಲಿಗೆ, ಎಷ್ಟು ಬಲದಲ್ಲಿ

ಪಾಸ್ ಮುಟ್ಟಿತು ಎಂದ ಮಾತ್ರಕ್ಕೆ ಪಾಸ್ ಸರಿಯಾಗಿದೆ ಎಂದಲ್ಲ. ಮುಟ್ಟಿದ ಮೇಲೆ ಹಿಡಿದವನ ಮುಂದಿನ ಹೆಜ್ಜೆ ಯಾವ ಕಡೆ ಬಿತ್ತು ಎಂದು ನೋಡಿ. ಎಡಗಡೆಯಿಂದ ಬಂದ ಪಾಸ್ 10ನೇ ನಂಬರಿನವನ ಬಲಗಾಲಿಗೆ, ಅಂದರೆ ಎದುರಾಳಿಯ ಗೋಲಿನ ಕಡೆಗಿರುವ ಕಾಲಿಗೆ ಬಂದರೆ, ಒಂದೇ ಟಚ್‌ನಲ್ಲಿ ಅವನು ಮುಂದಕ್ಕೆ ಹರಿಯುತ್ತಾನೆ. ಅವನ ಬೆನ್ನ ಹಿಂದಿನ ಕಾಲಿಗೆ ಬಂದರೆ ನಿಂತು, ತಿರುಗಿ, ಮತ್ತೆ ಹೊರಡಬೇಕು. ವಿಡಿಯೊದಲ್ಲಿ ಇದು ಒಂದು ಮೀಟರಿನ ವ್ಯತ್ಯಾಸ, ಆಟದಲ್ಲಿ ಪೂರ್ತಿ ಒಂದು ಸೆಕೆಂಡಿನ ನಷ್ಟ.

ಕಾಲಿಗೆ ಕೊಡಬೇಕೋ ಖಾಲಿ ಜಾಗಕ್ಕೆ ಕೊಡಬೇಕೋ ಎಂಬುದನ್ನು ಹಿಡಿಯುವವನ ಮುಖ ಹೇಳುತ್ತದೆ. ಅವನು ಮುಂದಕ್ಕೆ ನೋಡುತ್ತಿದ್ದು, ಹತ್ತಿರದಲ್ಲಿ ಎದುರಾಳಿ ಇಲ್ಲದಿದ್ದರೆ ಕಾಲಿಗೆ. ಅವನು ಆಗಲೇ ಓಟ ಶುರು ಮಾಡಿದ್ದು, ಡಿಫೆಂಡರ್‌ಗಳ ಬೆನ್ನ ಹಿಂದೆ ಜಾಗವಿದ್ದರೆ ಆ ಜಾಗಕ್ಕೆ, ಓರೆಯಾಗಿ. ನಿಂತಿರುವ, ನಮ್ಮ ಕಡೆ ಮುಖ ಮಾಡಿರುವ, ಬೆನ್ನಿಗೆ ಸ್ಟಾಪರ್ ಅಂಟಿರುವ ಸ್ಟ್ರೈಕರ್‌ಗೆ ಗಾಳಿಯಲ್ಲಿ ಉದ್ದ ಚೆಂಡು ಕೊಡುವುದು ಇರುವುದರಲ್ಲೇ ಕೆಟ್ಟ ಆಯ್ಕೆ. ನಮ್ಮ ಕಡೆಯ ತಂಡಗಳು ಅದನ್ನೇ ಮೊದಲು ಆರಿಸಿಕೊಳ್ಳುತ್ತವೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಅಷ್ಟು ಕಷ್ಟಪಟ್ಟು ಗೆದ್ದ ಚೆಂಡು ಒಂದೇ ಹೊಡೆತಕ್ಕೆ ವಾಪಸ್ ಹೋಗುತ್ತದೆ.

ಕಸಿದವನ ಮುಖ ತನ್ನ ಗೋಲಿನ ಕಡೆಗಿದ್ದು, ಆಗಲೇ ಇಬ್ಬರು ಮೇಲೆ ಬಿದ್ದಿದ್ದರೆ ಏನು ಮಾಡಬೇಕು? ಅವನಿಂದ ಮುಂದಕ್ಕೆ ಪಾಸ್ ಕೇಳುವುದೇ ತಪ್ಪು. ಐದಾರು ಮೀಟರ್ ಹಿಂದೆ ಇರುವ, ಇಡೀ ಮೈದಾನ ಕಾಣುವ ಸಂಗಡಿಗನಿಗೆ ಒಂದೇ ಟಚ್‌ನಲ್ಲಿ ಚೆಂಡು ಬಿಡಲಿ, ಅವನು ಮುಂದಕ್ಕೆ ಕೊಡಲಿ. ಒಂದು ಹಿಂದೆ, ಒಂದು ಮುಂದೆ. ನೋಡುವವರಿಗೆ ಇದು ನಿಧಾನ ಅನ್ನಿಸುತ್ತದೆ, ಆದರೆ ಸಮಯ ಅಳೆದು ನೋಡಿ: ಮೂರು ಟಚ್ ತೆಗೆದುಕೊಂಡು ತಿರುಗುವುದಕ್ಕಿಂತ ಇದು ಬೇಗ ಮುಗಿಯುತ್ತದೆ, ಚೆಂಡೂ ಅಪಾಯದ ಗುಂಪಿನಿಂದ ಹೊರಗೆ ಬರುತ್ತದೆ. ಹೀಗೆ ಕೊಡಲು ಹಿಂದೆ ಒಬ್ಬನೂ ಇಲ್ಲದಿದ್ದರೆ, ದೋಷ ಕಸಿದವನದಲ್ಲ, ಹತ್ತಿರ ಬಾರದ ನಡುವಿನ ಆಟಗಾರನದು.

ಪಾಸಿನ ಬಲದ ಮಾತಿಗೆ ಬಂದರೆ ನೆಲದ ಲೆಕ್ಕ ಹಿಡಿಯಲೇಬೇಕು. ಕಲಬುರಗಿ, ಯಾದಗಿರಿಯ ಕರಿಮಣ್ಣಿನ ಬಯಲು ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಟ್ಟಿಯಾಗುತ್ತದೆ. ಮೇಲಿಂದ ಬಿದ್ದ ಚೆಂಡು ಎತ್ತರಕ್ಕೆ ಪುಟಿದು ನೇರ ಗೋಲ್‌ಕೀಪರ್‌ನ ಕೈಗೆ ಓಡುತ್ತದೆ, ನೆಲದ ಮೇಲೆ ಹೋದದ್ದು ಬಿರುಕಿಗೆ ತಾಗಿ ಜಿಗಿಯುತ್ತದೆ. ಅಲ್ಲಿ ಖಾಲಿ ಜಾಗದ ಪಾಸನ್ನು ಓಡುವವನಿಗಿಂತ ಬಹಳ ಮುಂದೆ ಇಡಬಾರದು, ನಾಲ್ಕೈದು ಮೀಟರ್ ಸಾಕು. ಮಳೆ ಬಿದ್ದ ಮೇಲೆ ಅದೇ ಮಣ್ಣು ಅಂಟಾಗಿ, ಉರುಳುವ ಚೆಂಡು ಅರ್ಧ ದಾರಿಯಲ್ಲಿ ಕೂರುತ್ತದೆ; ಆಗ ಒಂದು ಸಲ ಮೊಣಕಾಲೆತ್ತರಕ್ಕೆ ಎತ್ತಿ ಕೆಸರು ದಾಟಿಸುವ ಪಾಸೇ ಗತಿ. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬೇಗ ಇಂಗುವುದರಿಂದ ಮಳೆಗಾಲದಲ್ಲೂ ನೆಲದ ಪಾಸ್ ಓಡುತ್ತದೆ, ಆದರೆ ಹರಳು ಹೆಚ್ಚಿದ್ದರೆ ದಿಕ್ಕು ತಪ್ಪುತ್ತದೆ. ಹಾಗಾಗಿ ಬೇರೆ ಊರಿಗೆ ಹೋದಾಗ ಮಾತ್ರ ಪ್ರತಿದಾಳಿ ಕೆಡುತ್ತಿದ್ದರೆ, ಹುಡುಗರನ್ನು ದೂರುವ ಮೊದಲು ಪಂದ್ಯಕ್ಕೆ ಮುಂಚೆ 20 ಮೀಟರ್ ದೂರದ ಪಾಸ್‌ಗಳನ್ನು ಆ ನೆಲದ ಮೇಲೆ ಮಾಡಿಸಿದ್ದೀರಾ ಎಂದು ನೋಡಿಕೊಳ್ಳಿ.

ಮೊದಲ ಪಾಸ್ ಸರಿಹೋಯಿತು, ಈಗ ಎರಡನೆಯ ದೋಷ

ಆ ಕಾಲೇಜು ತಂಡದಲ್ಲಿ 10ನೇ ನಂಬರಿಗೆ ಚೆಂಡು ಬೇಗ ಸಿಗತೊಡಗಿದ ಮೇಲೆ ಅಡಗಿ ಕೂತಿದ್ದ ಇನ್ನೊಂದು ದೋಷ ಹೊರಬಿತ್ತು. ಅವನು ಮಧ್ಯದ ಗೆರೆ ದಾಟಿ ಓಡುತ್ತಿದ್ದ, 9ನೇ ನಂಬರ್ ಅವನ ಮುಂದೆ ನೇರ ಗೋಲಿನ ಕಡೆಗೆ ಓಡುತ್ತಿದ್ದ, ಬಲಗಡೆಯ 7ನೇ ನಂಬರ್ ಕೂಡ ನಡುವಿಗೇ ನುಗ್ಗುತ್ತಿದ್ದ. ಮೂವರು ಒಂದೇ ಓಣಿಯಲ್ಲಿ. ಎದುರಾಳಿಯ ಮೂವರಿಗೆ ಕೆಲಸ ಸುಲಭ: ನಡುವೆ ಒತ್ತಾಗಿ ನಿಂತು ಹಿಂದೆ ಸರಿಯುತ್ತ ಹೋದರು. 10ನೇ ನಂಬರಿನವನು ಪಾಸ್ ಕೊಡಲು ಜಾಗ ಕಾಣದೆ ದೂರದಿಂದ ಹೊಡೆದ. ಈ ಸಲದ ಬೈಗುಳ "ಸ್ವಾರ್ಥಿ ಆಟ" ಎಂದು. ಸ್ವಾರ್ಥ ಇದರಲ್ಲಿ ಏನೂ ಇರಲಿಲ್ಲ, ಕೊಡಲು ಯಾರೂ ಇರಲಿಲ್ಲ.

ಇದನ್ನು ಹಿಡಿಯಲು ಚೆಂಡು ಇರುವವನಿಂದ ಪ್ರತಿ ಸಂಗಡಿಗನಿಗೆ ಹಾಳೆಯ ಮೇಲೆ ಗೆರೆ ಎಳೆಯಿರಿ. ಗೆರೆಯ ನಡುವೆ ಡಿಫೆಂಡರ್ ಬಂದರೆ ಆ ಸಂಗಡಿಗ ಎಷ್ಟೇ ಓಡಿದರೂ ಇಲ್ಲದ ಲೆಕ್ಕ. ಓಟದ ಉದ್ದೇಶ ಗೋಲಿಗೆ ಹತ್ತಿರವಾಗುವುದಷ್ಟೇ ಅಲ್ಲ, ಆ ನೆರಳಿನಿಂದ ಹೊರಬರುವುದು, ಇಲ್ಲವೇ ಒಬ್ಬ ಡಿಫೆಂಡರ್‌ನನ್ನು ಜೊತೆಗೆ ಕರೆದೊಯ್ದು ಇನ್ನೊಬ್ಬನಿಗೆ ಜಾಗ ಮಾಡಿಕೊಡುವುದು.

2018ರ ವಿಶ್ವಕಪ್‌ನಲ್ಲಿ ಜಪಾನ್ ಮೇಲೆ ಬೆಲ್ಜಿಯಂ ಹೊಡೆದ ಮೂರನೆಯ ಗೋಲನ್ನು ನಾನು ಹುಡುಗರಿಗೆ ತೋರಿಸುವುದು ಇದಕ್ಕೇ. ಪಂದ್ಯ 2–2ರ ಸಮ, ಹೆಚ್ಚುವರಿ ನಿಮಿಷಗಳು ನಡೆಯುತ್ತಿವೆ, ಜಪಾನಿಗೆ ಕಾರ್ನರ್. ಹೋಂಡಾ ಹೊಡೆದ ಚೆಂಡನ್ನು ಗೋಲ್‌ಕೀಪರ್ ಕೂರ್ಟ್ವಾ ಹಿಡಿದು, ಉದ್ದ ಒದೆಯದೆ, ಆಗಲೇ ಓಟ ಶುರು ಮಾಡಿದ್ದ ಡಿ ಬ್ರೂಯ್ನನ ದಾರಿಗೆ ಉರುಳಿಸಿದ. ಡಿ ಬ್ರೂಯ್ನ ಮಧ್ಯದ ಗೆರೆ ದಾಟಿ, ಎದುರಿಗೆ ಜಪಾನಿನವನು ಬರುವ ತನಕ ಓಡಿ, ಆಮೇಲೆ ಬಲಗಡೆ ಮ್ಯೂನಿಯೇಗೆ ಕೊಟ್ಟ. ಆ ಬಲಗಡೆ ಖಾಲಿ ಇದ್ದದ್ದು ತಾನಾಗಿ ಅಲ್ಲ. ಲುಕಾಕು ನಡುವಿನ ಕಡೆಗೆ ಓಡಿ ಅಲ್ಲಿದ್ದ ಡಿಫೆಂಡರ್‌ನನ್ನು ಎಳೆದುಕೊಂಡು ಹೋಗಿದ್ದ. ಮ್ಯೂನಿಯೇ ಕೆಳಮಟ್ಟದ ಕ್ರಾಸ್ ಕೊಟ್ಟ, ಲುಕಾಕು ಅದನ್ನು ಮುಟ್ಟದೆ ಬಿಟ್ಟ, ಹಿಂದೆ ಬಂದ ಶಾದ್ಲಿ ಗೋಲಿಗೆ ತಳ್ಳಿದ. ಕೂರ್ಟ್ವಾನ ಕೈಯಿಂದ ಗೋಲಿನ ತನಕ ಸುಮಾರು 10 ಸೆಕೆಂಡು. ಅದರಲ್ಲಿ ಲುಕಾಕು ಚೆಂಡನ್ನು ಒಮ್ಮೆಯೂ ಮುಟ್ಟಲಿಲ್ಲ, ಆದರೆ ಅವನ ಎರಡು ನಿರ್ಧಾರ ತೆಗೆದರೆ ಆ ಗೋಲು ಉಳಿಯುವುದಿಲ್ಲ.

ನಮ್ಮ ಪ್ರಕರಣಕ್ಕೆ ಇದನ್ನು ಹೊಂದಿಸಿದ್ದು ಹೀಗೆ. 9ನೇ ನಂಬರ್ ನೇರ ಓಡದೆ, ಬಲಗಡೆ ಬ್ಯಾಕ್ ಬಿಟ್ಟುಹೋದ ಎಡಪಟ್ಟಿಗೆ ಓರೆಯಾಗಿ ಓಡಬೇಕು. ಅವನ ಬೆನ್ನಟ್ಟಿ ಒಬ್ಬ ಸ್ಟಾಪರ್ ಹೋಗಲೇಬೇಕು. ಹೋಗದಿದ್ದರೆ ಪಾಸ್ ಅವನಿಗೇ. 7ನೇ ನಂಬರ್ ಬಲಗಡೆ ಸೈಡ್ ಲೈನಿನ ಹತ್ತಿರ ಉಳಿದು ಎಡಗಡೆ ಬ್ಯಾಕ್‌ನನ್ನು ಅಲ್ಲೇ ಕಟ್ಟಿಹಾಕಬೇಕು. ಆಗ 10ನೇ ನಂಬರಿನ ಎದುರು ಉಳಿಯುವವನು ಒಬ್ಬನೇ ಸ್ಟಾಪರ್. ಅವನ ಮೇಲೆ ನೇರ ಓಡಬೇಕು, ಮೂರು ನಾಲ್ಕು ಮೀಟರ್ ಉಳಿದಾಗ ಪಾಸ್ ಬಿಡಬೇಕು. ಬೇಗ ಬಿಟ್ಟರೆ ಸ್ಟಾಪರ್ ತಿರುಗಿ ಚೆಂಡಿನ ಹಿಂದೆ ಹೋಗುತ್ತಾನೆ, ತಡ ಮಾಡಿದರೆ ಕಾಲು ಚಾಚಿ ಕಸಿಯುತ್ತಾನೆ. ಚೆಂಡು ಕಸಿದು ಕೊಟ್ಟ ಎಡಗಡೆಯವನು ಪಾಸ್ ಕೊಟ್ಟು ನಿಲ್ಲದೆ, ಆತುರವಿಲ್ಲದೆ ಹಿಂದೆ ಬಂದು ಬಾಕ್ಸಿನ ಅಂಚಿಗೆ ತಡವಾಗಿ ತಲುಪಬೇಕು. ಎಲ್ಲ ಡಿಫೆಂಡರ್‌ಗಳು ಗೋಲಿನ ಕಡೆ ಓಡುತ್ತಿರುವಾಗ ಹಿಂದಕ್ಕೆ ಎಳೆದು ಕೊಡುವ ಪಾಸಿಗೆ ಅವನಷ್ಟು ಬಿಡುವಾಗಿ ಯಾರೂ ಸಿಗುವುದಿಲ್ಲ.

ಪದೇ ಪದೇ ಆಫ್‌ಸೈಡ್ ಆದರೆ

ಇದರಲ್ಲೂ ಓಡಿದವನನ್ನೇ ದೂರುವ ಅಭ್ಯಾಸ ಇದೆ. ಆಫ್‌ಸೈಡ್ ನೋಡುವುದು ಪಾಸ್ ಕಾಲು ಬಿಟ್ಟ ಕ್ಷಣದಲ್ಲಿ, ಮುಟ್ಟಿದ ಕ್ಷಣದಲ್ಲಲ್ಲ. ಆದ್ದರಿಂದ ವಿಡಿಯೊದಲ್ಲಿ ಓಟ ಶುರುವಾದ ಹೊತ್ತನ್ನು ಪಾಸ್ ಕಾಲು ಬಿಟ್ಟ ಹೊತ್ತಿನ ಜೊತೆ ಇಟ್ಟು ನೋಡಿ. ಚೆಂಡು ಇರುವವನು ತಲೆ ಎತ್ತುವ ಮೊದಲೇ ಓಟ ಶುರುವಾಗಿದ್ದರೆ ಓಡಿದವನದು ತಪ್ಪು. ತಲೆ ಎತ್ತಿದ ಮೇಲೆ ಓಟ ಶುರುವಾಗಿ, ಚೆಂಡು ಇರುವವನು ಇನ್ನೊಂದು ಟಚ್ ಹೆಚ್ಚು ತೆಗೆದುಕೊಂಡಿದ್ದರೆ ಆ ಒಂದು ಟಚ್ಚೇ ಆಫ್‌ಸೈಡ್ ಮಾಡಿಸಿದೆ.

ನಮ್ಮ ಅರ್ಧದಲ್ಲಿ ನಿಂತವನಿಗೆ ಆಫ್‌ಸೈಡ್ ಇಲ್ಲ ಎಂಬುದನ್ನು ಸ್ಟ್ರೈಕರ್‌ಗಳು ಬಳಸಿಕೊಳ್ಳುವುದು ಕಡಿಮೆ. ಎದುರಾಳಿಯ ಸ್ಟಾಪರ್‌ಗಳು ಮಧ್ಯದ ಗೆರೆಯ ತನಕ ಏರಿ ಬಂದಿದ್ದರೆ, ಅವರಿಗೆ ಅಂಟಿಕೊಂಡು ನಿಲ್ಲುವ ಬದಲು ಗೆರೆಯಿಂದ ಎರಡು ಹೆಜ್ಜೆ ನಮ್ಮ ಕಡೆ ನಿಂತು ಅಲ್ಲಿಂದ ಓಟ ತೆಗೆಯಲಿ. ಮುಖ ಮುಂದಕ್ಕಿರುತ್ತದೆ, ಸ್ಟಾಪರ್‌ಗೆ ತಿರುಗಿ ಓಡಬೇಕಾಗುತ್ತದೆ. ಓಟದ ದಿಕ್ಕು ಬಿಟ್ಟರೆ ಪ್ರಕರಣದ 9ನೇ ನಂಬರಿನವನಿಗೆ ಕೊಟ್ಟ ಒಂದೇ ಒಂದು ಬದಲಾವಣೆ ಇದು, ಓಟದ ಕಸರತ್ತು ಬೇಕಾಗಲಿಲ್ಲ.

ಕೊನೆಯ 20 ನಿಮಿಷದಲ್ಲಿ ಮಾತ್ರ ಕೆಡುತ್ತಿದ್ದರೆ

ಮೊದಲರ್ಧದಲ್ಲಿ ಸರಿಯಿದ್ದ ಜೊತೆ ಓಟ ಕೊನೆಗೆ ಕಾಣೆಯಾದರೆ ಅದು ತಿಳಿವಳಿಕೆಯ ದೋಷವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ದಿನ 50 ಮೀಟರ್ ಪೂರ್ಣ ವೇಗದ ಓಟ ಓಡಿದವನು ಒಂದೂವರೆ ನಿಮಿಷದೊಳಗೆ ಮತ್ತೆ ಅದೇ ವೇಗದಲ್ಲಿ ಹೋಗಲಾರ. ಪ್ರತಿ ಸಲವೂ ಅದೇ ಇಬ್ಬರು ಓಡುತ್ತಿದ್ದಾರಾ ಎಂದು ವಿಡಿಯೊದಲ್ಲಿ ನೋಡಿ. ಹೌದಾದರೆ ಸರದಿ ಹಾಕಿ: ಈ ಸಲ 7ನೇ ನಂಬರ್ ಹೋದರೆ ಮುಂದಿನ ಸಲ ಅವನು ಹಿಂದೆ ಉಳಿದು, ನಡುವಿನಿಂದ ಇನ್ನೊಬ್ಬ ಬಲಗಡೆ ಏರಲಿ. ನೀರಿಗೆ ಆಟ ನಿಂತಾಗ ಇದನ್ನು ಹೇಳಬಹುದು.

ಮತ್ತೆ, ಪ್ರತಿ ಸಲ ಕಸಿದಾಗಲೂ ಮುಂದೆ ನುಗ್ಗಲೇಬೇಕೆಂದಿಲ್ಲ. ಸೊನ್ನೆಯ ಕ್ಷಣದ ಹಾಳೆಯಲ್ಲಿ ಚೆಂಡಿಗಿಂತ ಹಿಂದೆ, ಅಂದರೆ ಅವರ ಗೋಲಿನ ಕಡೆಗೆ, ಎದುರಾಳಿಯ ಆರು ಅಥವಾ ಹೆಚ್ಚು ಜನ ಇದ್ದರೆ ಅಲ್ಲಿ ಪ್ರತಿದಾಳಿಯ ಅವಕಾಶವೇ ಇರಲಿಲ್ಲ. ಆಗ ಚೆಂಡು ಹಿಡಿದಿಟ್ಟುಕೊಂಡು ಉಸಿರಾಡಿದವನನ್ನು ಬೈಯಬಾರದು. ಇಂಥವನ್ನು ದೋಷದ ಪಟ್ಟಿಯಿಂದ ತೆಗೆದು ಉಳಿದವನ್ನು ಮಾತ್ರ ಎಣಿಸಿ, ಇಲ್ಲವಾದರೆ ಇಲ್ಲದ ರೋಗಕ್ಕೆ ಔಷಧಿ ಕೊಟ್ಟಂತಾಗುತ್ತದೆ.

ದುರಸ್ತಿ ಆಯಿತೆಂದು ತಿಳಿಯುವುದು

ಗೋಲಿನ ಲೆಕ್ಕ ಹಿಡಿಯಬೇಡಿ, ಗೋಲು ಒಂದು ಪಂದ್ಯದಲ್ಲಿ ಬರುತ್ತದೆ, ಮುಂದಿನದರಲ್ಲಿ ಬರುವುದಿಲ್ಲ. ಮೊದಲು ಬರೆದಿಟ್ಟ ಸಮಯಗಳನ್ನೇ ಮತ್ತೆ ಅಳೆಯಿರಿ. ಮುಂದಕ್ಕೆ ಮೊದಲ ಪಾಸ್ ಎರಡು ಸೆಕೆಂಡಿನೊಳಗೆ ಹೊರಡುತ್ತಿದೆಯೇ, ಅದನ್ನು ಹಿಡಿದವನ ಮುಂದಿನ ಹೆಜ್ಜೆ ಎದುರಾಳಿಯ ಗೋಲಿನ ಕಡೆಗೆ ಬೀಳುತ್ತಿದೆಯೇ, ಮಧ್ಯದ ಗೆರೆ ದಾಟಿದಾಗ ಅವನಿಗೆ ನೆರಳಿಲ್ಲದ ಕನಿಷ್ಠ ಎರಡು ಗೆರೆ ಎಳೆಯಲು ಬರುತ್ತಿದೆಯೇ, ಇಷ್ಟು ನೋಡಿ.

ಇನ್ನೊಂದು ಗುರುತು ಎದುರಾಳಿಯ ಕಡೆಯಿಂದ ಸಿಗುತ್ತದೆ. ನಿಮ್ಮ ಪ್ರತಿದಾಳಿ ಸರಿಹೋದ ಮೇಲೆ ಅವರ ಬಲಗಡೆ ಬ್ಯಾಕ್ ಏರಿ ಬರುವುದನ್ನು ನಿಲ್ಲಿಸುತ್ತಾನೆ, ಅಥವಾ ನಿಮ್ಮ 10ನೇ ನಂಬರಿನ ಪಕ್ಕದಲ್ಲೇ ಒಬ್ಬನನ್ನು ನಿಲ್ಲಿಸಿ, ಚೆಂಡು ಕಳೆದುಕೊಂಡ ತಕ್ಷಣ ಅವನ ಅಂಗಿ ಹಿಡಿದು ಫೌಲ್ ಮಾಡತೊಡಗುತ್ತಾರೆ. ಆಗ ಮೊದಲ ಪಾಸಿನ ವಿಳಾಸ ಬದಲಾಗಬೇಕು. 10ನೇ ನಂಬರ್ ಆ ಕಾವಲುಗಾರನನ್ನು ಕರೆದುಕೊಂಡು ಎಡಕ್ಕೆ ಸರಿಯಲಿ, ಅವನು ಬಿಟ್ಟ ಜಾಗಕ್ಕೆ ನಡುವಿನ ಇನ್ನೊಬ್ಬ ಮಿಡ್‌ಫೀಲ್ಡರ್ ಮೈ ತೆರೆದು ಬಂದು "ಒಳಗ!" ಎಂದು ಕೂಗಲಿ. ಸೀಟಿಯ ಪರೀಕ್ಷೆಯನ್ನು ಈ ಹೊಸ ಜೋಡಿಯ ಮೇಲೆ ಮೊದಲಿನಿಂದ ಮಾಡಬೇಕಾಗುತ್ತದೆ.